ಬ್ಯಾಕ್‌ಡ್ರಾಪ್‌ನಲ್ಲಿ ಮೂರೇ ಸಾಲಿಗೆ ಜಾಗ

ಶಾಲೆಯ ವಾರ್ಷಿಕೋತ್ಸವಕ್ಕೆ ಬ್ಯಾಕ್‌ಡ್ರಾಪ್ ಮಾಡುವವರ ಕೈಗೆ ಮೊದಲು ಬರುವುದು ವೇದಿಕೆಯ ಅಳತೆ ಅಲ್ಲ, ಹೆಸರುಗಳ ಪಟ್ಟಿ. ಅಳತೆ ಕೇಳಿದರೆ "ದೊಡ್ಡದಾಗೇ ಇರಲಿ" ಅನ್ನುತ್ತಾರೆ. ಪಟ್ಟಿ ಮಾತ್ರ ಅಚ್ಚುಕಟ್ಟಾಗಿ ಟೈಪ್ ಆಗಿರುತ್ತದೆ. ನಮ್ಮ ಶಾಲೆಯಲ್ಲಿ ಡ್ರಾಯಿಂಗ್ ಕಲಿಸುವವನು ನಾನೇ ಆದ್ದರಿಂದ ಈ ಪಟ್ಟಿ ಪ್ರತಿ ವರ್ಷ ನನ್ನ ಮೇಜಿಗೇ ಬರುತ್ತದೆ.

ಈ ಸಲದ್ದರಲ್ಲಿ ಹದಿನಾಲ್ಕು ಸಾಲು. ವಿದ್ಯಾಸಂಸ್ಥೆಯ ಹೆಸರು, ಅದರ ಕೆಳಗೆ ಶಾಲೆಯ ಹೆಸರು, ಕಾರ್ಯಕ್ರಮದ ಹೆಸರು, "ಹಾಗೂ ಬಹುಮಾನ ವಿತರಣೆ", ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಅತಿಥಿಗಳು, ಗೌರವ ಉಪಸ್ಥಿತಿ, ಸ್ವಾಗತ ಕೋರುವವರು. ಕೊನೆಗೆ ದಿನಾಂಕ, ಸಮಯ, ಸ್ಥಳ. ಸ್ಥಳ ಯಾವುದು? ಶಾಲಾ ಆವರಣ. ಅದನ್ನು ಓದುವವರೆಲ್ಲ ಅದೇ ಆವರಣದಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಎಲ್ಲಿದ್ದೇವೆ ಅಂತ ಅವರಿಗೆ ಮರೆತುಹೋದರೆ ಅನ್ನೋ ಕಾಳಜಿ ಇರಬೇಕು.

ಪಟ್ಟಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಕಳೆದ ವರ್ಷದ ಕಥೆ ಹೇಳಬೇಕು. ಆಗ ನಾನು ರಜೆಯಲ್ಲಿದ್ದೆ. ಕಂಪ್ಯೂಟರ್ ಮೇಡಂ ಪಾಪ ತಾವೇ ಉತ್ಸಾಹದಿಂದ ಪ್ರೆಸೆಂಟೇಶನ್ ಸ್ಲೈಡ್‌ನಲ್ಲಿ ಡಿಸೈನ್ ಮಾಡಿ ಕಳಿಸಿದ್ದರು. ಪರದೆಯ ಮೇಲೆ ನೋಡಿದರೆ ನಿಜಕ್ಕೂ ಚೆನ್ನಾಗಿತ್ತು. ಸ್ಲೈಡ್‌ನ ಆಕಾರ 16:9. ನಮ್ಮ ಬ್ಯಾನರ್ 24 ಅಡಿ ಅಗಲ, 8 ಅಡಿ ಎತ್ತರ, ಅಂದರೆ 3:1. ಪ್ರಿಂಟ್ ಮಾಡುವ ಹುಡುಗ ಫೋನ್ ಮಾಡಿ, "ಮೇಡಂ, ಫುಲ್ ಫಿಟ್ ಮಾಡ್ಲಾ?" ಅಂತ ಕೇಳಿದ. ಯಾರು ತಾನೇ ಬೇಡ ಅನ್ನುತ್ತಾರೆ?

16:9 ಚಿತ್ರವನ್ನು ಆಕಾರ ಕೆಡದ ಹಾಗೆ 24 ಅಡಿ ಅಗಲಕ್ಕೆ ಹಿಗ್ಗಿಸಿದರೆ ಎತ್ತರ ಹದಿಮೂರೂವರೆ ಅಡಿ ಆಗುತ್ತದೆ. ಮೇಲೋ ಕೆಳಗೋ ಐದೂವರೆ ಅಡಿ ಕತ್ತರಿಸಬೇಕು. ಎತ್ತರವನ್ನು 8 ಅಡಿಗೆ ಹೊಂದಿಸಿದರೆ ಅಗಲ 14 ಅಡಿ ಚಿಲ್ಲರೆ, ಎರಡೂ ಕಡೆ ಸೇರಿ ಸುಮಾರು 10 ಅಡಿ ಖಾಲಿ. ಮೂರನೆಯ ದಾರಿಯೇ ಈ ಫುಲ್ ಫಿಟ್. ಎತ್ತರ ಹಾಗೇ ಇಟ್ಟುಕೊಂಡು ಅಗಲವನ್ನಷ್ಟೇ ಎಳೆಯುವುದು. ಎಷ್ಟು ಎಳೆದ ಹಾಗಾಯಿತು? ಹೆಚ್ಚುಕಡಿಮೆ 1.7 ಪಟ್ಟು.

ಸಂಜೆ ಪರದೆ ಸರಿದಾಗ ಸಂಸ್ಥಾಪಕರು ವೇದಿಕೆ ತುಂಬಾ ಇದ್ದರು. ಬದುಕಿದ್ದಾಗ ಕಡ್ಡಿಯಂತೆ ಇದ್ದ ಮನುಷ್ಯ. ಭಾವಚಿತ್ರದಲ್ಲಿ ಮುಖ ಅಡ್ಡಕ್ಕೆ ಹರಡಿ, ಕನ್ನಡಕದ ಎರಡು ಗಾಜೂ ಮಲಗಿಕೊಂಡಿದ್ದವು. ಶಾಲೆಯ ಗುಂಡಗಿನ ಲಾಂಛನ ಮೊಟ್ಟೆ ಆಗಿತ್ತು. ಅವರ ಮೊಮ್ಮಗಳು ಮುಂದಿನ ಸಾಲಿನಲ್ಲೇ ಕೂತಿದ್ದರು. ಸ್ವಲ್ಪ ಹೊತ್ತು ನೋಡಿ, "ತಾತ ಚೆನ್ನಾಗಿ ಕಾಣ್ತಿದಾರೆ, ಆರೋಗ್ಯವಾಗಿದಾರೆ" ಅಂದರಂತೆ. ದೊಡ್ಡ ಮನಸ್ಸು.

ಇದನ್ನು ಪ್ರಿಂಟ್ ಆಗುವ ಮೊದಲೇ ಹಿಡಿಯುವುದು ಸುಲಭ. ಡಿಸೈನ್‌ನಲ್ಲಿ ಒಂದು ವೃತ್ತ ಇದ್ದರೆ ಸಾಕು, ಹೇಗೂ ಲಾಂಛನ ಇದ್ದೇ ಇರುತ್ತದಲ್ಲ. ಪ್ರಿಂಟ್ ಮಾಡುವವರು ಕಳಿಸುವ ಕೊನೆಯ ನಮೂನೆಯಲ್ಲಿ ಅದರ ಅಗಲ, ಎತ್ತರ ಎರಡನ್ನೂ ಸ್ಕೇಲಿನಿಂದ ಅಳೆಯಬೇಕು. ಒಂದೇ ಬರದಿದ್ದರೆ ಯಾರೋ ಎಳೆದಿದ್ದಾರೆ ಅಂತಲೇ ಅರ್ಥ. ಅಕ್ಷರಗಳೂ ಹೇಳಿಬಿಡುತ್ತವೆ. ಅಡ್ಡಕ್ಕೆ ಎಳೆದ ಅಕ್ಷರದಲ್ಲಿ ನಿಂತ ಗೆರೆಗಳು ದಪ್ಪಗಾಗಿ, ಮಲಗಿದ ಗೆರೆಗಳು ತೆಳ್ಳಗೆ ಉಳಿದಿರುತ್ತವೆ. ಇದೆಲ್ಲ ಬೇಡ ಅಂದರೆ ಕೆಲಸ ಶುರು ಮಾಡುವಾಗಲೇ ಪುಟದ ಅಳತೆಯನ್ನು 24 ಇಂಚು × 8 ಇಂಚು ಅಂತ ಇಟ್ಟುಕೊಳ್ಳಿ. ಒಂದು ಇಂಚಿಗೆ ಒಂದು ಅಡಿ. ಆಗ ಫಿಟ್ ಮಾಡುವ ಪ್ರಶ್ನೆಯೇ ಬರುವುದಿಲ್ಲ.

ಅದಕ್ಕೇ ಈ ಸಲ ನಾನು ಪಟ್ಟಿಯನ್ನು ಮಡಚಿಟ್ಟು, ಟೇಪು ಹಿಡಿದು ವೇದಿಕೆಗೆ ಹೋದೆ. ಪಿ.ಟಿ. ಮೇಷ್ಟ್ರು ಟೇಪಿನ ಇನ್ನೊಂದು ತುದಿ ಹಿಡಿದುಕೊಂಡರು. ಅಲ್ಲಿ ಗೊತ್ತಾದ ಸಂಗತಿ ಬೇರೆಯೇ ಇತ್ತು. ಬ್ಯಾನರ್ 24 × 8 ಇರಬಹುದು, ಆದರೆ ಕಾಣುವುದು ಅಷ್ಟಲ್ಲ. ಎರಡೂ ಬದಿಯ ಪರದೆಗಳು ಎರಡೆರಡು ಅಡಿ ತಿಂದುಹಾಕುತ್ತವೆ. ಮೇಲೆ ಇಳಿಬಿಟ್ಟ ಝಾಲರಿ ಒಂದು ಅಡಿ ಮುಚ್ಚುತ್ತದೆ. ಬ್ಯಾನರಿನ ಕೆಳ ಅಂಚು ನೆಲದಿಂದ ಒಂದು ಅಡಿ ಮೇಲಿದೆ. ವೇದಿಕೆಯ ಮೇಲೆ ಕುರ್ಚಿಯಲ್ಲಿ ಕೂತ ದೊಡ್ಡವರ ತಲೆ ಅದೇ ನೆಲದಿಂದ ಸುಮಾರು 4 ಅಡಿ ಎತ್ತರಕ್ಕೆ ಬರುತ್ತದೆ. ಅಲ್ಲಿಗೆ ಕೆಳಗಿನ ಮೂರು ಅಡಿಯೂ ಹೋಯಿತು. ಮುಂದಿನ ಸಾಲಿನವರು ವೇದಿಕೆಗಿಂತ ತಗ್ಗಿನಲ್ಲಿ ಕೂತು ಕತ್ತೆತ್ತಿ ನೋಡುತ್ತಾರೆ, ಹಾಗಾಗಿ ಅವರಿಗೆ ಇನ್ನೂ ಜಾಸ್ತಿ ಮರೆಯಾಗುತ್ತದೆ.

ಉಳಿದದ್ದು ಎಷ್ಟು? ಅಗಲ 20 ಅಡಿ, ಎತ್ತರ 4 ಅಡಿ. ಆಕಾರ 5:1. ಫೈಲಿನಲ್ಲಿ 3:1, ಪ್ರಿಂಟಿನಲ್ಲಿ 3:1, ಕಣ್ಣಿಗೆ ಮಾತ್ರ ಒಂದು ಉದ್ದನೆಯ ಪಟ್ಟಿ. ಬ್ಯಾಕ್‌ಡ್ರಾಪ್ ಡಿಸೈನ್ ಅಂದರೆ ಈ ಪಟ್ಟಿಯ ಡಿಸೈನ್. ಮಿಕ್ಕಿದ ಜಾಗದಲ್ಲಿ ಬಣ್ಣ, ಹೂವು, ಬಳ್ಳಿ ಏನಾದರೂ ಹಾಕಿಕೊಳ್ಳಬಹುದು.

ಇನ್ನು ಅಕ್ಷರದ ಗಾತ್ರ. ಕೊನೆಯ ಸಾಲಿನ ಕುರ್ಚಿ ವೇದಿಕೆಯಿಂದ 80 ಅಡಿ ದೂರ. ಬೋರ್ಡ್ ಬರೆಯುವವರ ಲೆಕ್ಕ ಒಂದಿದೆ: ಆರಾಮಾಗಿ ಓದಬೇಕಾದರೆ ಪ್ರತಿ 10 ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ. ಹಾಗಾದರೆ ನಮಗೆ ಬೇಕಾದ್ದು 8 ಇಂಚು. ಈ ಲೆಕ್ಕ ಹುಟ್ಟಿದ್ದು ಇಂಗ್ಲಿಷಿನ ದೊಡ್ಡಕ್ಷರಗಳಿಗೆ. ಅವು ನೆಲಕ್ಕೆ ಪಾದ ಊರಿ ಸುಮ್ನೆ ನಿಲ್ಲುತ್ತವೆ. ಕನ್ನಡದ ಅಕ್ಷರ ಹಾಗಲ್ಲ. ತಲೆಯ ಮೇಲೆ ಗುಡಿಸು, ಕಾಲ ಕೆಳಗೆ ಒತ್ತು. "ವಾರ್ಷಿಕೋತ್ಸವ" ಅಂತ ಬರೆದು ನೋಡಿ. ತಕಾರದ ಕೆಳಗೆ ಸಕಾರದ ಒತ್ತು ತೂಗುತ್ತಿರುತ್ತದೆ. ಆ 8 ಇಂಚು ಇರಬೇಕಾದದ್ದು ನಡುವಿನ ಮೈಗೆ, ಒತ್ತು ಗುಡಿಸು ಬಿಟ್ಟು. ಅವೂ ಸೇರಿ, ಸಾಲುಗಳ ನಡುವೆ ಉಸಿರಾಡಲು ಸ್ವಲ್ಪ ಜಾಗವೂ ಸೇರಿ, ಒಂದು ಸಾಲಿಗೆ 16 ಇಂಚು ಹಿಡಿಯುತ್ತದೆ. ನಮ್ಮ ಹತ್ತಿರ ಇರುವುದು 4 ಅಡಿ, ಅಂದರೆ 48 ಇಂಚು.

ಮೂರು ಸಾಲು.

ಪಿ.ಟಿ. ಮೇಷ್ಟ್ರು ಎರಡು ಸಲ ಭಾಗಿಸಿ ನೋಡಿದರು. ಬದಲಾಗಲಿಲ್ಲ.

ಅಗಲದಲ್ಲೂ ಕರುಣೆ ಇಲ್ಲ. ಕನ್ನಡದ ಅಕ್ಷರ ಎತ್ತರಕ್ಕಿಂತ ಅಗಲವೇ ಜಾಸ್ತಿ. 8 ಇಂಚಿನ ಅಕ್ಷರಕ್ಕೆ ನಡುವಿನ ಜಾಗ ಸೇರಿ 10 ಇಂಚು ಹಿಡಿಯೋಣ. 20 ಅಡಿಯಲ್ಲಿ 24 ಅಕ್ಷರ. "ಹಿರಿಯ ಪ್ರಾಥಮಿಕ ಮತ್ತು ಪ್ರೌಢಶಾಲೆ" ಎಂಬಷ್ಟಕ್ಕೇ, ಪದಗಳ ನಡುವಿನ ಜಾಗವೂ ಸೇರಿ, 16ರಷ್ಟು ಖರ್ಚು. ಶಾಲೆಗೆ ಹೆಸರಿಟ್ಟವರು ಬ್ಯಾನರಿನ ಬಗ್ಗೆ ಯೋಚಿಸಿರಲಿಲ್ಲ.

ಈ ಲೆಕ್ಕ ತೆಗೆದುಕೊಂಡು ಸಭೆಗೆ ಹೋದೆ. ಹೆಡ್‌ಮೇಷ್ಟ್ರು, ಕಾರ್ಯದರ್ಶಿಗಳು, ಕನ್ನಡ ಮೇಡಂ ಎಲ್ಲ ಕೂತಿದ್ದರು. ಹದಿನಾಲ್ಕರಲ್ಲಿ ಹನ್ನೊಂದು ಸಾಲು ಹೋಗಬೇಕು ಅಂದೆ. ಕಾರ್ಯದರ್ಶಿಗಳು ನಕ್ಕು, "ಏನ್ ಮೇಷ್ಟ್ರೇ, ನನ್ನ ಮೊಬೈಲಿನಲ್ಲೇ ಎಲ್ಲ ಓದಕ್ಕಾಗತ್ತೆ, 24 ಅಡಿಯಲ್ಲಿ ಆಗಲ್ವಾ?" ಅಂದರು. ಹೇಳುತ್ತಲೇ ಎರಡು ಬೆರಳಲ್ಲಿ ಚಿತ್ರವನ್ನು ಹಿಗ್ಗಿಸಿ ತೋರಿಸಿದರು. ಕೊನೆಯ ಸಾಲಿನಲ್ಲಿ ಕೂತ ಅಜ್ಜಿ ವೇದಿಕೆಯನ್ನು ಎರಡು ಬೆರಳಲ್ಲಿ ಹಿಗ್ಗಿಸುವುದು ಹೇಗೆ?

ವಾದ ಮಾಡಿ ಪ್ರಯೋಜನ ಇರಲಿಲ್ಲ. ಅವರ ಹದಿನಾಲ್ಕು ಸಾಲಿನ ಡಿಸೈನನ್ನು ಎ4 ಹಾಳೆಯ ಮೇಲೆ ಸರಿಯಾಗಿ 24 ಸೆಂಟಿಮೀಟರ್ ಅಗಲಕ್ಕೆ ಪ್ರಿಂಟ್ ತೆಗೆದೆ. ಒಂದು ಅಡಿಗೆ ಒಂದು ಸೆಂಟಿಮೀಟರ್. ಬ್ಯಾನರ್ ಎಷ್ಟು ಕುಗ್ಗಿತೋ ದೂರವನ್ನೂ ಅಷ್ಟೇ ಕುಗ್ಗಿಸಿದರೆ ಕಣ್ಣಿಗೆ ಎರಡೂ ಒಂದೇ. ಹಾಗಾಗಿ 80 ಅಡಿಯ ಕುರ್ಚಿ ಅಂದರೆ 80 ಸೆಂಟಿಮೀಟರ್. ಹಾಳೆಯನ್ನು ಗೋಡೆಗೆ ಅಂಟಿಸಿ, ಅಳೆದು ನೆಲಕ್ಕೆ ಸೀಮೆಸುಣ್ಣದ ಗೆರೆ ಎಳೆದು, "ಇಲ್ಲಿ ನಿಂತು ಓದಿ ಸರ್" ಅಂದೆ.

ಕಾರ್ಯದರ್ಶಿಗಳು ನಿಂತರು. ಶಾಲೆಯ ಹೆಸರು ಓದಿದರು. ಕಾರ್ಯಕ್ರಮದ ಹೆಸರೂ ಆಯಿತು. ಅತಿಥಿಗಳ ಹೆಸರಿಗೆ ಬಂದಾಗ ಕತ್ತು ಗೆರೆ ದಾಟಿತು. ಪಿ.ಟಿ. ಮೇಷ್ಟ್ರು ಅಭ್ಯಾಸಬಲದಿಂದ "ಫೌಲ್!" ಅಂದುಬಿಟ್ಟರು. ಕನ್ನಡ ಮೇಡಂ ಕನ್ನಡಕ ಒರೆಸಿಕೊಂಡು ಬಂದರು. ಧಕಾರ ದಕಾರ ಆಗಿತ್ತು, ಷಕಾರ ಪಕಾರ ಆಗಿತ್ತು. ಒತ್ತುಗಳಿದ್ದ ಕಡೆ ಬರೀ ಚುಕ್ಕೆ. "ಇದು ಕಾಗುಣಿತದ ತಪ್ಪು" ಅಂದರು. ಹತ್ತಿರ ಕರೆದು ತೋರಿಸಿದೆ. ಕಾಗುಣಿತ ಸರಿಯಾಗಿಯೇ ಇತ್ತು.

ಆ ಹೆಸರುಗಳ ಮೈ ಬ್ಯಾನರಿನಲ್ಲಿ 2 ಇಂಚು ಬರುತ್ತಿತ್ತು, ಒತ್ತು ಒಂದು ಇಂಚು. ಕಣ್ಣಿನ ಡಾಕ್ಟರ ಚಾರ್ಟಿನಲ್ಲಿ 6 ಮೀಟರ್ ದೂರದಿಂದ ಓದಬೇಕಾದ ಸಾಲಿನ ಅಕ್ಷರ ಸುಮಾರು 9 ಮಿಲಿಮೀಟರ್ ಇರುತ್ತದೆ. ಅದೇ ಲೆಕ್ಕವನ್ನು 80 ಅಡಿಗೆ ಹಾಕಿದರೆ ಕನಿಷ್ಠ 1.4 ಇಂಚು ಬೇಕು. ಒಂದು ಇಂಚಿನ ಒತ್ತನ್ನು ದೃಷ್ಟಿ ಸರಿಯಿರುವವರೂ ಅಷ್ಟು ದೂರದಿಂದ ಗುರುತಿಸುವುದು ಕಷ್ಟ. ಚಾರ್ಟಿನ ಅಕ್ಷರವಾದರೂ ಬಿಳಿಯ ಮೇಲೆ ಕಪ್ಪು. ನಮ್ಮ ಪಟ್ಟಿಯವರು ಕೇಳಿದ್ದು ಕೇಸರಿಯ ಮೇಲೆ ಹಳದಿ.

ಇಷ್ಟಾದ ಮೇಲೆ ಮೂರು ಸಾಲು ಒಪ್ಪಿಗೆ ಆಯಿತು: ಶಾಲೆಯ ಚಿಕ್ಕ ಹೆಸರು, "ವಾರ್ಷಿಕೋತ್ಸವ", ಇಸವಿ. ಸಮಯ, ಸ್ಥಳ ಬಿಟ್ಟುಕೊಡಲು ಯಾರಿಗೂ ಬೇಜಾರಿರಲಿಲ್ಲ. ಹೆಸರುಗಳಿಗೆ ಮಾತ್ರ ಕಾರ್ಯದರ್ಶಿಗಳು ಪಟ್ಟು ಹಿಡಿದರು. "ಕಾಣದಿದ್ರೂ ಪರವಾಗಿಲ್ಲ ಮೇಷ್ಟ್ರೇ, ಇರಬೇಕು ಅಷ್ಟೆ." ಈ ವಾದಕ್ಕೆ ನನ್ನ ಟೇಪಿನಲ್ಲಿ ಉತ್ತರ ಇರಲಿಲ್ಲ. ಹೇಗೂ ಕೆಳಗಿನ ಮೂರು ಅಡಿ ಬಿಟ್ಟಿ ಬಿದ್ದಿತ್ತು. ಎಲ್ಲ ಹೆಸರುಗಳನ್ನೂ 2 ಇಂಚಿನಲ್ಲಿ ಅಲ್ಲಿ ಜೋಡಿಸಿದೆ.

ಕಾರ್ಯಕ್ರಮದ ದಿನ ಕೊನೆಯ ಸಾಲಿನಲ್ಲಿ ಹೋಗಿ ಕೂತೆ. ಮೂರು ಸಾಲು ಸಲೀಸಾಗಿ ಓದಲು ಬಂತು. ಲಾಂಛನ ಗುಂಡಗೇ ಇತ್ತು. ಅತಿಥಿಗಳೆಲ್ಲ ತಮ್ಮ ತಮ್ಮ ಹೆಸರಿಗೆ ಬೆನ್ನು ಕೊಟ್ಟು, ಅದನ್ನು ಪೂರ್ತಿಯಾಗಿ ಮುಚ್ಚಿಕೊಂಡು ಕೂತಿದ್ದರು.

ಎಲ್ಲ ಮುಗಿದು ಕುರ್ಚಿ ಎತ್ತುವಾಗ ಅವರು ಒಬ್ಬೊಬ್ಬರಾಗಿ ಬ್ಯಾನರಿನ ಹತ್ತಿರ ಬಂದರು. ಬಗ್ಗಿ, ತಮ್ಮ ಹೆಸರು ಹುಡುಕಿ, ಅದರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಫೋಟೋ ತೆಗೆಸಿಕೊಂಡರು. ಫೋನು ಹಿಡಿದವರು ನಾಲ್ಕೇ ಅಡಿ ದೂರದಲ್ಲಿದ್ದರು. ಆ ದೂರಕ್ಕೆ 2 ಇಂಚು ಧಾರಾಳವಾಯಿತು.