ಶಿಕ್ಷಕರ ದಿನದ ಧನ್ಯವಾದಕ್ಕೆ ಕಂಪನಿಯ ಅರ್ಜಿ ಬೇಕೇ?

ನೋಟ್‌ಬುಕ್ ತಯಾರಿಸುವ ಕಂಪನಿಯೊಂದು ಸೆಪ್ಟೆಂಬರ್ 5ರ ನಿಮಿತ್ತ ವಿದ್ಯಾರ್ಥಿಗಳಿಗೆ ತಮ್ಮ ಗುರುಗಳಿಗೆ ಧನ್ಯವಾದ ಹೇಳಲು ಕರೆ ಕೊಟ್ಟಿದೆ. ನೋಟ್‌ಬುಕ್ಕಿನ ಹಿಂಬದಿಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ನಾಲ್ಕು ಸಾಲು ಬರೆದು, ಫೋಟೊ ಸೇರಿಸಬೇಕು. ಹೆಚ್ಚು ಮೆಚ್ಚುಗೆ ಪಡೆದ ಪತ್ರಗಳ ಶಿಕ್ಷಕರಿಗೆ ಪ್ರಶಸ್ತಿಪತ್ರ ಬರುತ್ತದೆ. ಶಾಲೆಗಳು ಇದರಲ್ಲಿ ಭಾಗವಹಿಸಬೇಕೇ?

ಪರ: ಬಾಗಲಕೋಟೆಯ ಸ್ಟೇಷನರಿ ವ್ಯಾಪಾರಿ

ಸಂಪಾದಕರು ಪರವಾಗಿ ಬರೆಯಲು ಕೇಳಿದ್ದಾರೆ; ಅಂಗಡಿಯವನು ಇನ್ನಾವ ಪಕ್ಷ ಹಿಡಿದಾನು ಎಂದುಕೊಂಡಿರಬಹುದು. ಆದರೆ ನಮ್ಮಲ್ಲಿ ನೋಟ್‌ಬುಕ್ ಮಾರಾಟದ ಭರಾಟೆ ಮೇ ಕೊನೆಯಿಂದ ಜುಲೈವರೆಗೆ ಮಾತ್ರ. ಸೆಪ್ಟೆಂಬರಿನಲ್ಲಿ ಪೆನ್ನಿನ ರೀಫಿಲ್ ಬಿಟ್ಟರೆ ಹೆಚ್ಚೇನೂ ಹೋಗುವುದಿಲ್ಲ. ಬರೀ ವ್ಯಾಪಾರಕ್ಕಾಗಿಯೇ ಆಗಿದ್ದರೆ ಈ ಅಭಿಯಾನವನ್ನು ಜೂನ್‌ನಲ್ಲಿ ನಡೆಸುತ್ತಿದ್ದರು.

ನನಗೆ ಹಿಡಿಸಿದ್ದು ಅದರಲ್ಲಿ ಕೇಳಿರುವ ಪ್ರಶ್ನೆ. ‘ನಿಮ್ಮ ಗುರುಗಳ ಬಗ್ಗೆ ಬರೆಯಿರಿ’ ಎಂದರೆ ಮಕ್ಕಳು ‘ಗುರುವೇ ದೇವರು’ ಎಂದು ಆರಂಭಿಸಿ ಭಾಷಣ ಸ್ಪರ್ಧೆಯ ಸಾಲುಗಳನ್ನೇ ಒಪ್ಪಿಸಿಬಿಡುತ್ತಾರೆ. ಇಲ್ಲಿ ‘ಅವರು ನಿಮಗಾಗಿ ಮಾಡಿದ ಒಂದು ಕೆಲಸ’ ಎಂದಷ್ಟೇ ಕೇಳಿದ್ದಾರೆ. ಎಂಟನೆಯ ತರಗತಿಯ ನನ್ನ ತಂಗಿಯ ಮಗಳು ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಕುಳಿತು ಬರೆದಳು. ಫಲಕದ ಮೇಲಿನ 8 ಅನ್ನು ಅವಳು 3 ಎಂದು ಇಳಿಸಿಕೊಳ್ಳುತ್ತಿದ್ದಳಂತೆ. ಲೆಕ್ಕ ತಪ್ಪಿದಾಗಲೆಲ್ಲ ಗಣಿತದ ಸರ್ ಬೈಯುವ ಬದಲು ಅವಳನ್ನು ಮುಂದಿನ ಬೆಂಚಿಗೆ ಕರೆದು ಕೂರಿಸಿದರಂತೆ, ಅಲ್ಲಿ ತಪ್ಪು ನಿಂತಿತು. ಅದೇ ವಾರ ಅವಳ ಅಪ್ಪನನ್ನು ಶಾಲೆಗೆ ಕರೆಸಿ ಕಣ್ಣು ತೋರಿಸಲು ಹೇಳಿದವರೂ ಅವರೇ. ಕನ್ನಡಕ ಬಂದದ್ದು ಮನೆಯವರಿಗೆಲ್ಲ ಗೊತ್ತಿತ್ತು, ಹುಡುಗಿ ಇದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾಳೆಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಕಂಪನಿಗೆ ಇದರಿಂದ ಏನು ಸಿಗುತ್ತದೆ ಎಂಬ ಪ್ರಶ್ನೆಗೆ ಕಂಪನಿಯವರೇ ಉತ್ತರಿಸಲಿ.

ವಿರೋಧ: ಇಂಡಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ

ಪರವಾಗಿ ವಾದಿಸುವವರನ್ನು ಕೇಳಿದರೆ, ಕಂಪನಿಯೊಂದು ಪ್ರಶ್ನೆ ಅಚ್ಚು ಹಾಕಿಸುವವರೆಗೂ ನಮ್ಮ ಮಕ್ಕಳು ಬಾಯಿಯೇ ಇಲ್ಲದವರಾಗಿದ್ದರು ಎಂದು ನಂಬಬೇಕಾಗುತ್ತದೆ. ಮಕ್ಕಳು ಬರೆಯುವ ಪತ್ರದ ಬಗ್ಗೆ ನನ್ನ ತಕರಾರಿಲ್ಲ, ಪತ್ರಕ್ಕಿಂತ ಮೊದಲು ತುಂಬಬೇಕಾದ ಅರ್ಜಿಯ ಬಗ್ಗೆ ಇದೆ.

ಮೊದಲು ವಿದ್ಯಾರ್ಥಿಯ ಹೆಸರು, ತರಗತಿ, ಶಾಲೆ, ಊರು. ಆಮೇಲೆ ಪೋಷಕರ ಮೊಬೈಲ್ ಸಂಖ್ಯೆ, ಅದಕ್ಕೆ ಬರುವ ಓಟಿಪಿ. ಎಲ್ಲ ವಿದ್ಯಾರ್ಥಿಗಳೂ ಪಾಲ್ಗೊಳ್ಳಬೇಕೆಂದು ಮುಖ್ಯ ಗುರುಗಳು ಹೇಳಿದ ದಿನ ನನ್ನ ಒಂಬತ್ತನೆಯ ತರಗತಿಯಲ್ಲಿ ನಡೆದದ್ದು ಇಷ್ಟು. ಅನೇಕ ಮಕ್ಕಳ ತಂದೆತಾಯಿ ದುಡಿಯಲು ಗೋವಾಕ್ಕೋ ಪುಣೆಗೋ ಹೋಗಿದ್ದಾರೆ, ಮಕ್ಕಳು ಅಜ್ಜಿಯ ಮನೆಯಲ್ಲಿದ್ದಾರೆ, ಅಜ್ಜಿಯ ಬಳಿ ಇರುವುದು ಗುಂಡಿ ಒತ್ತುವ ಫೋನು. ಹೀಗಾಗಿ ಪೋಷಕರ ಜಾಗದಲ್ಲಿ ನನ್ನ ಸಂಖ್ಯೆಯೇ ಬಿತ್ತು. ಒಂದು ಸಂಖ್ಯೆಗೆ ಒಂದೇ ಪತ್ರ ಎಂಬ ನಿಯಮವಿದ್ದುದರಿಂದ, ಎರಡನೆಯ ಮಗುವಿಗೆ ಹಿಂದಿ ಸರ್ ಫೋನು, ಮೂರನೆಯದಕ್ಕೆ ಅಡುಗೆಯವರ ಫೋನು. ‘ಅಕ್ಕೋರ, ಓಟಿಪಿ ಬಂತೇನ್ರಿ?’ ಎಂದು ಕೇಳುತ್ತಾ ಮಕ್ಕಳು ಸಾಲಾಗಿ ನಿಂತಿದ್ದರು. ಧನ್ಯವಾದ ಸ್ವೀಕರಿಸಬೇಕಾದವಳೇ ಅದನ್ನು ಟೈಪಿಸಿ, ಫೋಟೊ ತೆಗೆದು, ಅಪ್‌ಲೋಡ್ ಮಾಡಿದ್ದಾಯಿತು.

ಓಟಿಪಿಯಿಂದ ತಿಳಿಯುವುದು ಆ ಫೋನು ಯಾರದೋ ಕೈಯಲ್ಲಿದೆ ಎಂಬುದಷ್ಟೇ; ಆ ಕೈ ತಾಯಿಯದೋ, ಅಕ್ಕೋರದೋ ಅದಕ್ಕೆ ಗೊತ್ತಾಗುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 9ನೆಯ ಕಲಮು 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಸಮ್ಮತಿಯನ್ನು, ಅದೂ ಪರಿಶೀಲಿಸಬಹುದಾದ ಸಮ್ಮತಿಯನ್ನು ಬೇಡುತ್ತದೆ, ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತನ್ನು ನಿಷೇಧಿಸುತ್ತದೆ. ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಈ ಕಲಮಿಗೆ ಸಿದ್ಧವಾಗಲು ಕಂಪನಿಗಳಿಗೆ ಅಲ್ಲಿಂದ 18 ತಿಂಗಳ ಅವಕಾಶ ಕೊಟ್ಟಿದ್ದಾರೆ. ಅವಕಾಶವಿದೆಯೆಂದು ನಾವೂ ಅಲ್ಲಿಯವರೆಗೆ ಕಣ್ಣು ಮುಚ್ಚಿಕೊಂಡಿರಬೇಕೆಂದೇನೂ ಇಲ್ಲ. ಅರ್ಜಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ಕಂಪನಿ ಹಾಗೂ ಅದರ ಸಹಭಾಗಿಗಳು ಉತ್ಪನ್ನಗಳ ಮಾಹಿತಿ ಕಳುಹಿಸಲು ಒಪ್ಪಿಗೆ. ಅದರ ಮುಂದಿನ ಚೌಕದಲ್ಲಿ ಗುರುತು ಮೊದಲೇ ಬಿದ್ದಿತ್ತು. ಧನ್ಯವಾದ ಹೇಳುವುದಕ್ಕೂ ಇದಕ್ಕೂ ಏನು ಸಂಬಂಧ?

ಸೆಪ್ಟೆಂಬರಿನಲ್ಲಿ ಮಾರಾಟವಿಲ್ಲ ಎಂಬ ವಾದವನ್ನು ವ್ಯಾಪಾರ ಬಲ್ಲವರೇ ಮುಂದಿಡುವುದು ಸೋಜಿಗ. ಸೆಪ್ಟೆಂಬರಿನಲ್ಲಿ ಕೂಡಿಟ್ಟ ಸಂಖ್ಯೆಗಳಿಗೆ ಮೇ ತಿಂಗಳಲ್ಲಿ ಸಂದೇಶ ಕಳುಹಿಸಬಹುದು, ಖರ್ಚೂ ಕಡಿಮೆ. ಮೆಚ್ಚುಗೆ ಎಣಿಸಿ ಪ್ರಶಸ್ತಿ ಕೊಡುವುದಂತೂ ಯಾವ ಮಗುವಿನ ಬಂಧುಬಳಗದಲ್ಲಿ ಹೆಚ್ಚು ಸ್ಮಾರ್ಟ್‌ಫೋನುಗಳಿವೆ ಎಂಬ ಗಣತಿಯೇ ಹೊರತು ಯಾವ ಶಿಕ್ಷಕರು ಏನು ಕಲಿಸಿದರು ಎಂಬುದರ ಅಳತೆಯಲ್ಲ. ವಿಜಯಪುರದ ದೊಡ್ಡ ಖಾಸಗಿ ಶಾಲೆಯ ಮುಂದೆ ನಮ್ಮೂರಿನ ಅತಿಥಿ ಶಿಕ್ಷಕರಿಗೆ ಅಲ್ಲಿ ಸ್ಥಾನವಿಲ್ಲ.

ಆ ಒಳ್ಳೆಯ ಪ್ರಶ್ನೆಯನ್ನು ಫಲಕದ ಮೇಲೆ ಬರೆಯಲು ಸೀಮೆಸುಣ್ಣ ಸಾಕು. ಉತ್ತರವನ್ನು ಮಗು ಹಾಳೆಯಲ್ಲಿ ಬರೆದು ಕೈಯಾರೆ ಕೊಡಲಿ. ವರ್ಗವಾಗಿ ಹೋದ ಗುರುಗಳಿಗಾದರೆ 50 ಪೈಸೆಯ ಅಂಚೆ ಕಾರ್ಡು ಇದೆ. ಮುಂದಿನ ವರ್ಷ ಕ್ಯೂಆರ್ ಕೋಡಿಗೆ ನನ್ನ ಫೋನು ಕೊಡುವುದಿಲ್ಲವೆಂದು ಮುಖ್ಯ ಗುರುಗಳಿಗೆ ಲಿಖಿತವಾಗಿಯೇ ತಿಳಿಸಿದ್ದೇನೆ.