ಸ್ಪೀಡ್ ಇದ್ದರೂ ಮಾತು ತುಂಡು ತುಂಡು

"ಡಾಕ್ಟರ್ ಏನಂದ್ರು ಅಂದ್ರೆ..." ಅಷ್ಟೇ, ಇಂಟರ್ನೆಟ್ ಕಾಲ್‌ನಲ್ಲಿ ಅಮ್ಮನ ಮುಂದಿನ ಮಾತೆಲ್ಲ ಗರಗರ. ಸಾಕಾಗಿಹೋಗಿದೆ! ಕಸ್ಟಮರ್ ಕೇರ್‌ಗೆ ಹೇಳಿದರೆ ಮತ್ತದೇ ಪ್ರಶ್ನೆ: "ಸ್ಪೀಡ್ ಟೆಸ್ಟ್ ಮಾಡಿದ್ರಾ?" ಮಾಡಿದ್ದೇವೆ ಸ್ವಾಮಿ, ಎರಡೂ ಮನೆಯಲ್ಲಿ 200 ಎಂಬಿಪಿಎಸ್ ಬರುತ್ತೆ. ದನಿಗೆ 1 ಎಂಬಿಪಿಎಸ್‌ನ ಹತ್ತನೇ ಒಂದು ಭಾಗವೂ ಬೇಡ, ಆ 200 ಯಾರಿಗೆ ಬೇಕು?

ದನಿ ಹೋಗುವುದು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ಚೂರುಗಳಾಗಿ, ಸೆಕೆಂಡಿಗೆ 50. ಚೂರು ತಡವಾದರೆ ಆ್ಯಪ್ ಸ್ವಲ್ಪ ಹೊತ್ತು ಕಾಯುತ್ತೆ, ಆಮೇಲೆ ಬಂದದ್ದನ್ನು ಎಸೆದುಬಿಡುತ್ತೆ. ಖಂಡ ದಾಟುವ ದೂರಕ್ಕೆ ತಡ ಆಗಲಿ, ಅದು ಒಂದೇ ಸಮ ಇದ್ದರೆ ಮಾತು ತುಂಡಾಗಲ್ಲ. ಏರಿಳಿದರೇ ಗ್ರಹಚಾರ. ಅಮ್ಮನ ಮನೆಯಲ್ಲಿ ಇನ್ಯಾರದೋ ಫೋನ್ ಫೋಟೋ ಬ್ಯಾಕಪ್ ಶುರು ಮಾಡಿತೆನ್ನಿ, ಅಪ್‌ಲೋಡ್ ತುಂಬಿ, ಅಮ್ಮನ ಮಾತು ರೌಟರ್‌ನಲ್ಲಿ ಆ ಫೋಟೋಗಳ ಹಿಂದೆ ಸಾಲು ನಿಲ್ಲುತ್ತೆ! ಅಲ್ಲೇ ಕಂಪ್ಯೂಟರ್‌ನಲ್ಲಿ `ping 1.1.1.1` ಹಾಕಿ ನೋಡಿ: 15 ಮಿಲಿಸೆಕೆಂಡ್ ಇದ್ದದ್ದು ಬ್ಯಾಕಪ್ ಹೊತ್ತಿಗೆ 400, ಮತ್ತೆ 90, ಮತ್ತೆ 350 ಅಂತ ಕುಣಿಯುತ್ತಿದ್ದರೆ ಕಾರಣ ಅದೇ. ಅಲ್ಲಿ ನೆಟ್ಟಗಿದ್ದರೆ ತೊಂದರೆ ಈಚೆ ನಮ್ಮ ಮನೆಯದೋ, ನಡುದಾರಿಯದೋ.

ಇಷ್ಟೆಲ್ಲ ಹೇಳಿದ ಮೇಲೂ ಕಸ್ಟಮರ್ ಕೇರ್‌ನವರದು ಒಂದೇ ಮಾತು: "300 ಎಂಬಿಪಿಎಸ್ ಪ್ಲಾನ್ ತಗೊಳ್ಳಿ." ಡೌನ್‌ಲೋಡ್ ಹೆಚ್ಚಿಸಿದರೆ ಅಪ್‌ಲೋಡ್ ಸಾಲು ಕರಗುತ್ತದಾ?