ಏಳೇ ದಿನದಲ್ಲಿ ಬಡತನ ಮಾಯ

ಮತ್ತೆ ಅದೇ ಅಂಕಿ ಬಂದಿದೆ. ಮೊನ್ನೆ ಟಿವಿ ಚರ್ಚೆಯಲ್ಲಿ ಒಬ್ಬ ವಕ್ತಾರರು ಮೇಜು ಕುಟ್ಟಿ ಹೇಳುತ್ತಿದ್ದರು: 1993-94ರಲ್ಲಿ ದೇಶದಲ್ಲಿ ಶೇ 36ರಷ್ಟು ಬಡವರಿದ್ದರು, 1999-2000ಕ್ಕೆ ಅದು ಶೇ 26ಕ್ಕೆ ಇಳಿಯಿತು, ಇಂಥ ಸಾಧನೆ ಎಲ್ಲಾದರೂ ಉಂಟೇ? ಎದುರು ಕುಳಿತವರು ಅಂಕಿಯನ್ನು ಪ್ರಶ್ನಿಸಲಿಲ್ಲ. ಬಿತ್ತಿದವರು ನಾವು, ಕೊಯ್ದವರು ನೀವು ಎಂದಷ್ಟೇ ತಕರಾರು ತೆಗೆದರು. ಹೀಗೆ ಒಂದು ಗಂಟೆ ಶ್ರೇಯಸ್ಸಿನ ಹಂಚಿಕೆ ನಡೆಯಿತು. ಆ ಕೀರ್ತಿಯಲ್ಲಿ ದೊಡ್ಡ ಪಾಲು ಸಲ್ಲಬೇಕಾದವರನ್ನು, ಅಂದರೆ ಬಡವರನ್ನು ಎಣಿಸುವ ಸಮೀಕ್ಷೆಯ ಪ್ರಶ್ನಾವಳಿ ಮುದ್ರಿಸಿದವರನ್ನು, ಯಾರೂ ನೆನೆಯಲಿಲ್ಲ.

ನನಗಂತೂ ಅವರ ಮೇಲೆ ಅಪಾರ ಗೌರವ. ಭೂಸುಧಾರಣೆ, ಉದ್ಯೋಗ ಖಾತರಿ, ಅಗ್ಗದ ಸಾಲ ಎಂದು ಸರ್ಕಾರಗಳು ದಶಕಗಟ್ಟಲೆ ಹೆಣಗಿದವು. ಇವರು ನಮೂನೆಯಲ್ಲಿ 'ಕಳೆದ 30 ದಿನ' ಎಂದಿದ್ದಲ್ಲಿ 'ಕಳೆದ 7 ದಿನ' ಎಂದು ಬರೆದರು, ಕೆಲಸ ಮುಗಿಯಿತು. ತಗುಲಿದ ವೆಚ್ಚ ಶಾಯಿಯದ್ದು ಮಾತ್ರ.

ಕಥೆ ನಿಮಗೆ ಗೊತ್ತಿರುವುದೇ. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ದಶಕಗಳ ಕಾಲ ಮನೆಮನೆಗೆ ಹೋಗಿ ಕಳೆದ 30 ದಿನಗಳಲ್ಲಿ ಏನೇನು ತಿಂದಿರಿ, ಎಷ್ಟು ಖರ್ಚು ಮಾಡಿದಿರಿ ಎಂದು ಕೇಳುತ್ತಿದ್ದರು. 1990ರ ದಶಕದ ನಡುವೆ, 51ರಿಂದ 54ನೇ ಸುತ್ತುಗಳಲ್ಲಿ, ಒಂದು ಪ್ರಯೋಗ ಮಾಡಿದರು. ಅರ್ಧದಷ್ಟು ಮನೆಗಳಿಗೆ ಹಳೆಯ ನಮೂನೆ ಕೊಟ್ಟರು. ಉಳಿದ ಮನೆಗಳಿಗೆ ಆಹಾರ ಮತ್ತು ತಂಬಾಕಿನ ವಿಷಯದಲ್ಲಿ 7 ದಿನ, ಬಟ್ಟೆಬರೆ ಮತ್ತು ಬಾಳಿಕೆಯ ವಸ್ತುಗಳಿಗೆ 365 ದಿನ ಎಂದು ಬದಲಿಸಿದ ಹೊಸ ನಮೂನೆ ಕೊಟ್ಟರು. ಯಾವ ಮನೆಗೆ ಯಾವ ನಮೂನೆ ಎಂಬುದು ಚೀಟಿ ಎತ್ತಿದಷ್ಟೇ ಯಾದೃಚ್ಛಿಕ. ಅದೇ ದೇಶ, ಅದೇ ವರ್ಷ, ಅದೇ ಹೊಟ್ಟೆ. ಆದರೂ ಹೊಸ ನಮೂನೆಯವರ ಆಹಾರ ಸುಮಾರು ಶೇ 30ರಷ್ಟು ಹೆಚ್ಚಾಗಿ ಕಂಡಿತು. ಇಷ್ಟಕ್ಕಿಂತ ಕಡಿಮೆ ಖರ್ಚು ಮಾಡುವವರು ಬಡವರು ಎನ್ನುವ ಹಳೆಯ ಬಡತನ ರೇಖೆಯನ್ನೇ ಅದರ ಮೇಲೆ ಎಳೆದು ನೋಡಿದರೆ ಬಡವರ ಪ್ರಮಾಣ ಸರಿಸುಮಾರು ಅರ್ಧಕ್ಕೆ ಇಳಿಯುತ್ತಿತ್ತು.

ಇದು ಹೇಗಾಯಿತು ಎಂಬುದಕ್ಕೆ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಆ ಮನೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಎಂದರೆ ಒಂದು ಭಾನುವಾರ ಬಿಟ್ಟು ಇನ್ನೊಂದು ಭಾನುವಾರ, ಒಂದು ಕೆ.ಜಿ. ಮಾಂಸ ಬೇಯುತ್ತದೆ. ತಿಂಗಳಿಗೆ ಎರಡು ಕೆ.ಜಿ.ಗಿಂತ ತುಸು ಹೆಚ್ಚು. ಗಣತಿದಾರ ಒಂದು ಸೋಮವಾರ ಬಂದು, ಕಳೆದ ಏಳು ದಿನಗಳಲ್ಲಿ ಮಾಂಸ ಎಷ್ಟು ಬಳಸಿದಿರಿ ಎಂದು ಕೇಳುತ್ತಾನೆ. ಹಿಂದಿನ ದಿನವೇ ಬೇಯಿಸಿದ್ದರೆ ಉತ್ತರ ಒಂದು ಕೆ.ಜಿ. ಅದಕ್ಕೂ ಹಿಂದಿನ ಭಾನುವಾರವಾಗಿದ್ದರೆ ಎಂಟು ದಿನವಾಯಿತು, ಆದ್ದರಿಂದ ಸರಿಯಾದ ಉತ್ತರ ಸೊನ್ನೆ. ಇಂಥ ಸಾವಿರ ಮನೆಗಳಲ್ಲಿ ಅರ್ಧದವರು ಒಂದು, ಅರ್ಧದವರು ಸೊನ್ನೆ ಎಂದರೆ, ತಿಂಗಳಿಗೆ ಹಿಗ್ಗಿಸಿದಾಗ ಸರಾಸರಿ ಸರಿಯಾಗಿಯೇ ಬರುತ್ತದೆ.

ಆದರೆ ಮನೆಯಾಕೆಯ ತಲೆಯಲ್ಲಿರುವುದು ಪಂಚಾಂಗವಲ್ಲ. ಎಂಟು ದಿನದ ಹಿಂದಿನ ಊಟ ನೆನಪಿಗೆ ಬಂದರೆ ಆಕೆ 'ಹೋದ ವಾರ ತಾನೇ ಮಾಡಿದ್ದೆವು' ಎನ್ನುತ್ತಾಳೆ. ಅದರಲ್ಲಿ ಸುಳ್ಳೇನೂ ಇಲ್ಲ. ಗಣತಿದಾರ ಒಂದು ಕೆ.ಜಿ. ಎಂದು ಬರೆದುಕೊಳ್ಳುತ್ತಾನೆ. ಕಚೇರಿಯಲ್ಲಿ ಅದನ್ನು ಮೂವತ್ತರಿಂದ ಗುಣಿಸಿ ಏಳರಿಂದ ಭಾಗಿಸಿದಾಗ ತಿಂಗಳಿಗೆ ನಾಲ್ಕೂಕಾಲು ಕೆ.ಜಿ.ಗಿಂತಲೂ ಹೆಚ್ಚಾಗುತ್ತದೆ. ಸಮೀಕ್ಷೆಯವರು ಇದಕ್ಕೆ ಟೆಲಿಸ್ಕೋಪಿಂಗ್ ಎನ್ನುತ್ತಾರೆ. ದೂರದ್ದು ಹತ್ತಿರ ಕಾಣುವ ದೋಷ. ನೆನಪಿನ ಗಡಿ ಬರೀ ಒಂದು ದಿನ ಹಿಂದಕ್ಕೆ ಸರಿದರೂ 7 ದಿನದ ಪ್ರಶ್ನೆಯಲ್ಲಿ ಏಳರಲ್ಲೊಂದು ಪಾಲು, ಅಂದರೆ ಶೇ 14ರಷ್ಟು ಉಬ್ಬರ. ಅದೇ ಒಂದು ದಿನದ ತಪ್ಪು 30 ದಿನದ ಪ್ರಶ್ನೆಯಲ್ಲಿ ಶೇ 3ರ ಆಸುಪಾಸು, ವರ್ಷದ ಪ್ರಶ್ನೆಯಲ್ಲಿ ಲೆಕ್ಕಕ್ಕೇ ಸಿಗದಷ್ಟು.

ಹಾಗಾದರೆ 30 ದಿನವೇ ಸತ್ಯ ಎಂದು ಹಿಗ್ಗಬೇಡಿ. ಅಲ್ಲಿ ಮರೆವು ಕಾದು ಕುಳಿತಿದೆ. ಮೂರು ವಾರದ ಹಿಂದೆ ತಿಂದ ಬಾಳೆಹಣ್ಣು ಯಾರ ನೆನಪಿನಲ್ಲಿರುತ್ತದೆ? ಒಂದು ಪ್ರಶ್ನೆ ಗಡಿಯಲ್ಲಿ ಸೋರಿ ಉಬ್ಬುತ್ತದೆ, ಇನ್ನೊಂದು ಒಳಗೇ ಸೋರಿ ಸೊರಗುತ್ತದೆ. ಆ ಶೇ 30ರ ಅಂತರದಲ್ಲಿ ಯಾವುದರ ಪಾಲು ಎಷ್ಟು ಎಂದು ಎರಡು ಉತ್ತರಗಳನ್ನು ಅಕ್ಕಪಕ್ಕ ಇಟ್ಟು ದಿಟ್ಟಿಸಿದರೆ ತಿಳಿಯುವುದಿಲ್ಲ. ತಿಳಿಯಬೇಕಾದರೆ ದಿನವೂ ಅಡುಗೆಮನೆಗೆ ಹೋಗಿ ತೂಕ ಮಾಡಬೇಕು. ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಅವರ ಕಾಲದಲ್ಲಿ, 1950ರ ದಶಕದ ಆರಂಭದಲ್ಲಿ, ಬಂಗಾಳದಲ್ಲಿ ಅದನ್ನೂ ಮಾಡಿದ್ದರು. ವಾರದ ಪ್ರಶ್ನೆಗಿಂತ ತಿಂಗಳ ಪ್ರಶ್ನೆಯ ಉತ್ತರವೇ ತೂಕಕ್ಕೆ ಹತ್ತಿರ ಬಂದಿತ್ತು. 30 ದಿನದ ರೂಢಿ ಬೇರೂರಿದ್ದು ಅಲ್ಲಿಂದ. ಅಕ್ಕಿ ಬೇಳೆಗೆ ತಿಂಗಳು ಸಾಕು, ತರಕಾರಿ, ಹಣ್ಣು, ಮೊಟ್ಟೆ, ಮಾಂಸಕ್ಕೆ ವಾರವೇ ವಾಸಿ ಎಂಬ ವಿವೇಕ ಬಹಳ ತಡವಾಗಿ ಬಂತು. ಈಗಿನ ಸಮೀಕ್ಷೆಗಳಲ್ಲಿ ಹಾಗೆಯೇ ಕೇಳುತ್ತಾರೆ.

ಅಂದಹಾಗೆ, ಈ ದೋಷವನ್ನು ಬಡ ಗೃಹಿಣಿಯ ತಲೆಗೇ ಏಕೆ ಕಟ್ಟಬೇಕು? ನಮ್ಮ ಜನಪ್ರತಿನಿಧಿಗಳ ನೆನಪಿನ ಅವಧಿ ಐದು ವರ್ಷ. ಹನ್ನೆರಡು ವರ್ಷದ ಹಿಂದೆ ಬೇರೆ ಯಾರೋ ಅಡಿಗಲ್ಲು ಹಾಕಿದ ಸೇತುವೆ ಸರಾಗವಾಗಿ ಜಾರಿ 'ನಮ್ಮ ಅವಧಿ'ಯೊಳಗೆ ಬಂದು ಬೀಳುತ್ತದೆ. ಮೂರು ವರ್ಷದ ಹಿಂದಿನ ಹಗರಣ ಮಾತ್ರ ತಂತಾನೇ ಹಿಂದಕ್ಕೆ ಸರಿದು 'ಹಿಂದಿನ ಸರ್ಕಾರದ ಕಾಲ'ಕ್ಕೆ ಸೇರಿಕೊಳ್ಳುತ್ತದೆ. ಸಾಮಾನ್ಯರ ದೂರದರ್ಶಕ ಒಂದೇ ಕಡೆ ತೋರಿಸುತ್ತದೆ, ಇವರದು ಎರಡೂ ಕಡೆ. ಪ್ರಣಾಳಿಕೆಯ ಭರವಸೆಗಳ ವಿಷಯದಲ್ಲಿ ಮಾತ್ರ ಶುದ್ಧ ಮರೆವು. ಇದನ್ನು ತಿದ್ದುವ ಸೂತ್ರ ಸಂಖ್ಯಾಶಾಸ್ತ್ರದಲ್ಲಿ ಇನ್ನೂ ಹುಟ್ಟಿಲ್ಲ.

ಸೇತುವೆ ಇರಲಿ, 55ನೇ ಸುತ್ತಿಗೆ ಬರೋಣ. 1999-2000ರ ಆ ದೊಡ್ಡ ಸಮೀಕ್ಷೆಯಲ್ಲಿ 7 ದಿನದವರನ್ನೂ 30 ದಿನದವರನ್ನೂ ಸಮಾಧಾನಪಡಿಸುವ ಉಪಾಯವೊಂದು ಹೊಳೆಯಿತು. ಒಂದೇ ಪುಟದಲ್ಲಿ 7 ದಿನಕ್ಕೊಂದು, 30 ದಿನಕ್ಕೊಂದು ಅಂಕಣ ಹಾಕಿ, ಒಂದೇ ಮನೆಗೆ, ಒಂದೇ ಉಸಿರಿಗೆ ಎರಡನ್ನೂ ಕೇಳುವುದು. ವಾರಕ್ಕೆ ಅರ್ಧ ಕೆ.ಜಿ. ಬೇಳೆ ಎಂದು ಈಗಷ್ಟೇ ಹೇಳಿದವರು ತಿಂಗಳಿಗೆ ಎಷ್ಟು ಎಂದರೆ ಏನು ಹೇಳುತ್ತಾರೆ? ನಾಲ್ಕರಿಂದ ಗುಣಿಸಿ ಎರಡು ಎನ್ನುತ್ತಾರೆ. ಅವರು ಗುಣಿಸದಿದ್ದರೆ, 300ಕ್ಕೂ ಹೆಚ್ಚು ವಸ್ತುಗಳ ಪಟ್ಟಿ ಹಿಡಿದು ಬಸವಳಿದ ಗಣತಿದಾರನೇ ಗುಣಿಸುತ್ತಾನೆ. ಪ್ರತ್ಯೇಕ ಮನೆಗಳಲ್ಲಿ ಕೇಳಿದಾಗ ಶೇ 30ರಷ್ಟಿದ್ದ ಅಂತರ ಅಕ್ಕಪಕ್ಕ ಕೂರಿಸಿದ ಕೂಡಲೇ ಹೆಚ್ಚುಕಡಿಮೆ ಕಾಣದಾಯಿತು. ಹಾಗಾಗಿ 30 ದಿನದ ಅಂಕಣದಲ್ಲಿದ್ದುದು 30 ದಿನದ ನೆನಪಲ್ಲ, ಪಕ್ಕದ ಅಂಕಣದ ಪ್ರತಿಧ್ವನಿ. ಸಾಲದ್ದಕ್ಕೆ ಬಟ್ಟೆಬರೆಯನ್ನು ಈ ಸಲ ವರ್ಷದ ಲೆಕ್ಕದಲ್ಲಿ ಮಾತ್ರ ಕೇಳಿದ್ದರು. ಆ ಸಮೀಕ್ಷೆಯಿಂದ ಬಂದದ್ದೇ ಶೇ 26. ಅದನ್ನು ಹಳೆಯ ಶೇ 36ರ ಪಕ್ಕ ಇಟ್ಟು ಇಳಿಕೆ ಎಂದು ಕರೆದರು.

ಪಾಪ, ಕೆಲವರು ತಿದ್ದಲು ಹೋದರು. ಮುಂದೆ ನೊಬೆಲ್ ಪಡೆದ ಆಂಗಸ್ ಡೀಟನ್, ಎಲ್ಲ ಸುತ್ತುಗಳಲ್ಲೂ 30 ದಿನದ ಪ್ರಶ್ನೆಯನ್ನೇ ಉಳಿಸಿಕೊಂಡಿದ್ದ ಇಂಧನ ಮುಂತಾದ ಖರ್ಚುಗಳನ್ನು ಆಧಾರವಾಗಿಟ್ಟುಕೊಂಡು ಲೆಕ್ಕ ಮರುಕಟ್ಟಿದರು. ಗ್ರಾಮೀಣ ಬಡತನ ಸರ್ಕಾರ ಹೇಳಿದ ಶೇ 27 ಅಲ್ಲ, ಶೇ 30ರ ಸುತ್ತ ಎಂದು ಬಂತು. ಇಳಿಕೆ ಇತ್ತು, ಡಂಗುರ ಸಾರಿದಷ್ಟು ಇರಲಿಲ್ಲ. ಬೇರೆಯವರ ಲೆಕ್ಕದಲ್ಲಿ ಇಳಿಕೆ ಇನ್ನೂ ಕಡಿಮೆ. ಆದರೆ ಅಡಿಟಿಪ್ಪಣಿ ಓದಲು ಟಿವಿಯಲ್ಲಿ ಸಮಯವೆಲ್ಲಿ?

ಖರ್ಚಿನ ಮಾತು ಬಿಡಿ, ನಕ್ಕು ಸುಮ್ಮನಾಗಬಹುದು. ಕಾಯಿಲೆಯ ವಿಷಯ ಬಂದಾಗ ನಗು ಬರುವುದಿಲ್ಲ. ಅರ್ಥಶಾಸ್ತ್ರಜ್ಞ ಜಿಷ್ಣು ದಾಸ್ ಮತ್ತು ಸಂಗಡಿಗರು ದೆಹಲಿಯ ಕುಟುಂಬಗಳಲ್ಲಿ ಕಾಯಿಲೆಯ ಬಗ್ಗೆ ವಾರದ ಪ್ರಶ್ನೆ ಮತ್ತು ತಿಂಗಳ ಪ್ರಶ್ನೆಯನ್ನು ಹೋಲಿಸಿ ನೋಡಿದರು. ತಿಂಗಳ ಪ್ರಶ್ನೆಗೆ ಕಾಯಿಲೆಗಳು ಕಡಿಮೆಯಾದವು, ವೈದ್ಯರ ಭೇಟಿಗಳೂ ಕಡಿಮೆಯಾದವು, ಬಡವರಲ್ಲಿ ಇನ್ನಷ್ಟು ಕಡಿಮೆಯಾದವು. ವಾರದ ಲೆಕ್ಕದಲ್ಲಿ ಬಡವರು ಶ್ರೀಮಂತರಿಗಿಂತ ಹೆಚ್ಚು ಸಲ ವೈದ್ಯರ ಬಳಿ ಹೋಗುತ್ತಿದ್ದರು, ತಿಂಗಳ ಲೆಕ್ಕದಲ್ಲಿ ಚಿತ್ರ ತಲೆಕೆಳಗಾಯಿತು. ಆ ಎರಡನೆಯ ಚಿತ್ರವನ್ನಷ್ಟೇ ಕೈಯಲ್ಲಿ ಹಿಡಿದ ಅಧಿಕಾರಿ ಏನು ಮಾಡುತ್ತಾನೆ? ಬಡವರಿಗೆ ತಿಳಿವಳಿಕೆ ಇಲ್ಲ, ವೈದ್ಯರ ಬಳಿ ಹೋಗುವುದಿಲ್ಲ ಎಂದು ತೀರ್ಮಾನಿಸಿ ಗೋಡೆಬರಹ ಬರೆಸುತ್ತಾನೆ. ಅವರು ಹೋಗಿದ್ದರು ಸ್ವಾಮಿ. ಜ್ವರದಲ್ಲೇ ಕೂಲಿಗೆ ಹೋಗಿ, ಸಂಜೆ ಸಿಕ್ಕ ವೈದ್ಯರಿಗೆ ದುಡ್ಡು ಕೊಟ್ಟು, ಮಾತ್ರೆ ನುಂಗಿ, ಮರುದಿನ ಮತ್ತೆ ಕೂಲಿಗೆ ಹೋಗಿದ್ದರು. ತಿಂಗಳಿಗೆ ಎರಡು ಸಲ ಬರುವ ಜ್ವರವನ್ನು ಯಾರೂ ಘಟನೆ ಎಂದು ನೆನಪಿಟ್ಟುಕೊಳ್ಳುವುದಿಲ್ಲ. ನೆಗಡಿಗೂ ರಜೆ ಹಾಕುವವನಿಗೆ ಮಾತ್ರ ಅದು ನೆನಪಿರುತ್ತದೆ. ಆ ಮರೆವು ಅವರ ಬಡತನದ್ದೇ ಒಂದು ಭಾಗ. ಅದನ್ನು ಆರೋಗ್ಯ ಎಂದು ಬರೆದುಕೊಳ್ಳುವುದು ನಾಚಿಕೆಗೇಡು. ಇದನ್ನು ಇನ್ನೂ ಮೃದುವಾಗಿ ಹೇಳಲು ನನಗೆ ಬೇಸರವಾಗಿದೆ.

ಗಡಿಯ ಸೋರಿಕೆಗೆ ಮದ್ದು ಇಲ್ಲವೆಂದಲ್ಲ. 1964ರಲ್ಲೇ ಅಮೆರಿಕದ ಸಂಖ್ಯಾಶಾಸ್ತ್ರಜ್ಞರಾದ ನೇಟರ್ ಮತ್ತು ವಾಕ್ಸ್‌ಬರ್ಗ್ ಮನೆ ದುರಸ್ತಿಯ ಖರ್ಚನ್ನು ಅಧ್ಯಯನ ಮಾಡಿ ತೋರಿಸಿದ್ದರು. ಒಂದೇ ಮನೆಗೆ ಎರಡು ಸಲ ಹೋಗಿ, ಹಿಂದಿನ ಸಲ ಹೇಳಿದ್ದನ್ನು ಓದಿ ಹೇಳಿ, 'ಇದಾದ ಮೇಲೆ ಏನು ಮಾಡಿಸಿದಿರಿ' ಎಂದು ಕೇಳಬೇಕು. ಮೊದಲ ಭೇಟಿಯೇ ಬೇಲಿ. ಬೇಲಿ ಇಲ್ಲದ ಕಡೆ, ಅದರಲ್ಲೂ ದೊಡ್ಡ ದುರಸ್ತಿಗಳು, ಬೇಕಾದಷ್ಟು ಒಳನುಗ್ಗಿದ್ದವು. ನಮ್ಮಲ್ಲಿ 2022-23ರಿಂದ ಪ್ರತಿ ಮನೆಗೂ ಮೂರು ಸಲ ಹೋಗುತ್ತಾರೆ. ಆದರೆ ಆಹಾರಕ್ಕೆ ಒಂದು ಸಲ, ಇತರ ದಿನಬಳಕೆಗೆ ಇನ್ನೊಂದು ಸಲ, ಬಾಳಿಕೆಯ ವಸ್ತುಗಳಿಗೆ ಮತ್ತೊಂದು ಸಲ. ಉದ್ದನೆಯ ಪಟ್ಟಿಯ ಸುಸ್ತು ತಪ್ಪುತ್ತದೆ, ಅದು ಒಳ್ಳೆಯದೇ. ಬೇಲಿ ಮಾತ್ರ ಹಾಕಿದಂತಾಗುವುದಿಲ್ಲ.

ಇದಕ್ಕೂ ಮುಂಚಿನ 2004-05ರ ಸಮೀಕ್ಷೆಯಲ್ಲಿ ಇನ್ನೂ ಸೊಗಸು. ಒಂದೇ ಮನೆಯವರಿಗೆ ಬಟ್ಟೆ, ಪಾದರಕ್ಷೆ, ಶಿಕ್ಷಣ, ಆಸ್ಪತ್ರೆ ದಾಖಲಾತಿ, ಬಾಳಿಕೆಯ ವಸ್ತುಗಳ ಖರ್ಚನ್ನು 30 ದಿನಕ್ಕೂ ಕೇಳಿದರು, 365 ದಿನಕ್ಕೂ ಕೇಳಿದರು. ಮೊದಲ ಲೆಕ್ಕಕ್ಕೆ ಬಡತನ ಶೇ 27.5, ಎರಡನೆಯದಕ್ಕೆ ಶೇ 21.8. ಕಾರಣ ಸರಳ. ಬಡವರು ತಿಂಗಳು ತಿಂಗಳು ಚಪ್ಪಲಿ ಕೊಳ್ಳುವುದಿಲ್ಲ. ತಿಂಗಳ ಪ್ರಶ್ನೆಗೆ ಬಹುತೇಕರದು ಸೊನ್ನೆ, ವರ್ಷದ ಪ್ರಶ್ನೆಗೆ ಎಲ್ಲರ ಲೆಕ್ಕಕ್ಕೂ ಒಂದು ಜೊತೆ ಚಪ್ಪಲಿಯ ಹನ್ನೆರಡನೇ ಒಂದು ಭಾಗ ಸೇರುತ್ತದೆ, ರೇಖೆಯ ಅಂಚಿನಲ್ಲಿದ್ದವರು ಮೇಲೆ ಹತ್ತುತ್ತಾರೆ. ಹೀಗೆ ಹತ್ತಿದವರು 6 ಕೋಟಿಗೂ ಹೆಚ್ಚು ಜನ. ಸರ್ಕಾರ ಎರಡೂ ಅಂಕಿಗಳನ್ನು ಪ್ರಕಟಿಸಿತು. ಅಷ್ಟರಮಟ್ಟಿಗೆ ಪ್ರಾಮಾಣಿಕತೆ, ಒಪ್ಪುತ್ತೇನೆ.

ವಕ್ತಾರರಿಗೆ ಒಂದು ಮಾತು ಹೇಳುವುದಿದೆ. ಶೇ 26ರ ಹೆಮ್ಮೆಯ ಅಂಕಿ ಬಂದ ಮೇಲೂ ಕೇಂದ್ರವು ಬಿಪಿಎಲ್ ಕುಟುಂಬಗಳಿಗೆ ಧಾನ್ಯ ಹಂಚಿಕೆ ಮಾಡಿದ್ದು 1993-94ರ ಶೇ 36ರ ಆಧಾರದ ಮೇಲೆಯೇ, ವರ್ಷಗಟ್ಟಲೆ. ಭಾಷಣಕ್ಕೆ 26, ಅಕ್ಕಿಗೆ 36. ತಮ್ಮ ಅಂಕಿಯನ್ನು ತಾವೇ ನಂಬಿದ್ದರೆ ಎಷ್ಟು ಮನೆಗಳ ಪಡಿತರಕ್ಕೆ ಕತ್ತರಿ ಬೀಳುತ್ತಿತ್ತೋ.